ಮಾವಶಿಯ ಚಪ್ಪಲಿ ಲೆಕ್ಕ, ಭಾಗ 4: ಫೆಬ್ರುವರಿ ಯಾವಾಗ ಮುಗೀತದ?

ಹೋದ ಮೂರು ಭಾಗ ಓದಿದವ್ರಿಗೆ ನಮ್ಮ ಮಾವಶಿ ಗೊತ್ತು. ಹೊಸಬ್ರಿಗೆ ಎರಡೇ ಮಾತು: ಮಾವಶಿ ನಿಪ್ಪಾಣಿಯವಳು. ಅಥಣಿ ಮತ್ತು ನಿಪ್ಪಾಣಿಯ ಎರಡು ಮನೆಗಳಿಂದ ಕೈಯಲ್ಲಿ ಹೊಲಿದ ಕೊಲ್ಹಾಪುರಿ ಚಪ್ಪಲಿ ತಗೊಂಡು ಆನ್‌ಲೈನ್‌ನಲ್ಲಿ ಮಾರ್ತಾಳೆ. (ಹೆಸರು ಕೊಲ್ಹಾಪುರಿ ಆದ್ರೂ ಅದರ ಜಿಐ ಟ್ಯಾಗ್‌ನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆ ಇದ್ದಂಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರನೂ ಅದಾವ. ಯಾರಾದ್ರೂ ವಾದ ಮಾಡಿದ್ರೆ ಈ ಸಾಲು ತೋರಿಸ್ರಿ.) ನಾನು ಚಿಕ್ಕೋಡಿಯಲ್ಲಿ ಬಿ.ಕಾಂ ಓದ್ತಾ ರವಿವಾರ ಬಸ್ ಹತ್ತಿ ಹೋಗಿ ಅವಳ ಶೀಟ್ ನೋಡ್ತೀನಿ.

ಈ ಸಲದ ಪ್ರಶ್ನೆ ಮಾವಶಿದೇ. ಫೆಬ್ರುವರಿಯಲ್ಲಿ ಆ್ಯಪ್ ತೋರಿಸಿದ ಮಾರಾಟ 36,000 ರೂಪಾಯಿ. ಅದೇ ತಿಂಗಳು ಬ್ಯಾಂಕಿಗೆ ಬಂದದ್ದು 21,400. "ಇಷ್ಟು ಬರ್ತಾವಲ್ಲೋ ತಮ್ಮಾ, ಸಂಘದಾಗ ಸಾಲ ತಗೊಂಡು ನೂರು ಜೋಡಿ ತರಿಸಲೇನು?" ಅಂದ್ಲು. ನೂರು ಜೋಡಿ ಅಂದ್ರೆ 52,000 ರೂಪಾಯಿ. ಹೂಂ ಅಥವಾ ಬ್ಯಾಡ ಅನ್ನೋ ಮೊದಲು ಫೆಬ್ರುವರಿಯ ಲಾಭ ಎಷ್ಟು ಅಂತ ಗೊತ್ತಾಗಬೇಕಲ್ಲ. 36,000 ಆಗಲಿ 21,400 ಆಗಲಿ, ಎರಡೂ ಆ ಉತ್ತರ ಕೊಡೋದಿಲ್ಲ.

ಮೊದಲು ಒಂದು ಜೋಡಿಯ ಕಥೆ ನೋಡೋಣ. ಮಾರೋ ಬೆಲೆ 900. ಮಾವಶಿ ಮಾರೋ ಜಾಗದಲ್ಲಿ ಕಮಿಷನ್ ಮತ್ತು ಫಿಕ್ಸ್ಡ್ ಫೀ ಸೇರಿ 110, ಸಾಗಣೆ 80, ಒಟ್ಟು 190. ಇದರ ಮೇಲೆ 18% ಜಿಎಸ್‌ಟಿ 34.20. ಅಲ್ಲಿಗೆ 224.20 ಹೋಯ್ತು, ಕೈಗೆ 675.80. ಅದರಲ್ಲಿ ಚಪ್ಪಲಿ ಹೊಲಿದವರಿಗೆ 520, ಡಬ್ಬಿ ಮತ್ತು ಕವರ್‌ಗೆ 25 ತೆಗೆದ್ರೆ ಉಳಿಯೋದು 130.80.

ಫೀ ಮೇಲಿನ ಆ ಜಿಎಸ್‌ಟಿಯನ್ನ ಕಾಲೇಜಿನ ಪುಸ್ತಕದಲ್ಲಿ ಇನ್‌ಪುಟ್ ಕ್ರೆಡಿಟ್ ಅಂತ ವಾಪಸ್ ತಗೊಳ್ತಾರೆ. ಮಾವಶಿಗೆ ಆಗೋದಿಲ್ಲ, ಯಾಕಂದ್ರೆ ಅವಳಿಗೆ ಜಿಎಸ್‌ಟಿ ನೋಂದಣಿ ಇಲ್ಲ. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರು ನೋಂದಣಿ ಇಲ್ಲದೆ, ಬರೀ ಎನ್‌ರೋಲ್‌ಮೆಂಟ್ ನಂಬರ್ ಮೇಲೆ ಇಂಥ ಜಾಗದಲ್ಲಿ ಮಾರಬಹುದು. ಆದ್ರೆ ತಮ್ಮ ರಾಜ್ಯದೊಳಗೆ ಮಾತ್ರ. ಹಂಗಾಗಿ ಮಾವಶಿಯ ಚಪ್ಪಲಿ ನಿಪ್ಪಾಣಿಯಿಂದ ಬೆಂಗಳೂರಿಗೆ ಹೋಗ್ತದ, ಬಸ್‌ನಲ್ಲಿ ತಾಸಿನ ದಾರಿ ಇರೋ ಕೊಲ್ಹಾಪುರಕ್ಕೆ ಹೋಗೋದಿಲ್ಲ! ಗಡಿ ಊರಿನವ್ರಿಗೆ ಇದು ನಗುವ ವಿಷಯಾನೋ ಅಳುವ ವಿಷಯಾನೋ ನನಗೆ ತಿಳೀವಲ್ದು. ಶೀಟಿಗೆ ಬೇಕಾದ ಮಾತು ಇಷ್ಟು: ನಿಮಗೂ ನೋಂದಣಿ ಇಲ್ಲದಿದ್ರೆ ಫೀಯನ್ನ ಜಿಎಸ್‌ಟಿ ಸೇರಿಸಿಯೇ ಖರ್ಚು ಅಂತ ಬರೀರಿ.

ಈಗ ವಾಪಸ್ ಬಂದ ಜೋಡಿಯ ಕಥೆ. ಗಿರಾಕಿ ಮರಳಿಸಿದ್ರೆ ಇಲ್ಲಿ ಮೊದಲಿನ 224.20 ರದ್ದು ಮಾಡಿ, ರಿಟರ್ನ್ ಫೀ 120ಕ್ಕೆ ಜಿಎಸ್‌ಟಿ ಸೇರಿಸಿ 141.60 ಕಡಿತಾರೆ. ಡಬ್ಬಿ 25 ಹೋದ ಹಂಗೇ. ಅಂದ್ರೆ ಒಂದು ವಾಪಸ್‌ಗೆ 166.60 ನಷ್ಟ. ಹತ್ತು ಕಳಿಸಿ ನಾಲ್ಕು ವಾಪಸ್ ಬಂದ್ರೆ ಆರು ಜೋಡಿ ದುಡಿದದ್ದು 784.80, ನಾಲ್ಕು ತಿಂದದ್ದು 666.40. ಉಳಿದದ್ದು 118.40. ನಿಮ್ಮ ಫೀ ಬೇರೆ ಇರ್ತದ, ನಿಮ್ಮ ಸೆಟಲ್‌ಮೆಂಟ್ ಫೈಲ್ ತೆಗೆದು ಒಂದು ಮಾರಾಟ, ಒಂದು ವಾಪಸ್ ಹಿಡಿದು ಇದೇ ಲೆಕ್ಕ ಒಮ್ಮೆ ಕೈಯಾರೆ ಮಾಡ್ರಿ. ಮುಂದಿನದೆಲ್ಲ ಈ ಎರಡು ಅಂಕಿ ಮೇಲೆ ನಿಂತದ.

ಮಾವಶಿಯ ಕಿರ್ದಿ ವಹಿಯಲ್ಲಿ ದಿನದ ಪ್ರಕಾರ ಜಮಾ, ಖರ್ಚು ಬರೀತಿದ್ಲು. ಕಿರಾಣಿ ಅಂಗಡಿಗೆ ಅದು ಸಾಕು. ಇಲ್ಲಿ ಸಾಕಾಗೋದಿಲ್ಲ, ಯಾಕಂದ್ರೆ ಫೆಬ್ರುವರಿ 25ರ ಆರ್ಡರ್ ಮಾರ್ಚ್ 2ಕ್ಕೆ ಮುಟ್ಟಿ, 10ಕ್ಕೆ ದುಡ್ಡು ಬಂದು, 16ಕ್ಕೆ ಚಪ್ಪಲಿ ವಾಪಸ್ ಬಂದು, 24ರ ಪೇಔಟ್‌ನಲ್ಲಿ ಆ ದುಡ್ಡು ಕಟ್ ಆಗಬಹುದು. ಒಂದೇ ಜೋಡಿ, ನಾಲ್ಕೈದು ತಾರೀಖು. ಅದಕ್ಕೆ ನಮ್ಮ ಶೀಟಿನಲ್ಲಿ ಒಂದು ಆರ್ಡರ್‌ಗೆ ಒಂದೇ ಸಾಲು, ಅದು ಯಾವ ತಿಂಗಳ ಆರ್ಡರೋ ಕೊನೇತನಕ ಆ ತಿಂಗಳದ್ದೇ.

ಸ್ವೈಪ್ ಮಾಡಿದ್ರೆ ಎರಡನೇ ಫೋಟೋದಲ್ಲಿ `Orders` ಹಾಳೆ ಐತಿ. A ತಾರೀಖು, B ಆರ್ಡರ್ ಐಡಿ, C ಸೈಜು, D ಸ್ಥಿತಿ, E ಬರಬೇಕಾದ್ದು, F ಬಂದದ್ದು, G ವ್ಯತ್ಯಾಸ, H ನಮ್ಮ ಖರ್ಚು, I ಲಾಭ. ಇನ್ನೊಂದು ಹಾಳೆ `Payouts`. ಅದರಲ್ಲಿ ಸೆಟಲ್‌ಮೆಂಟ್ ಫೈಲಿನ ಸಾಲುಗಳನ್ನ ಇದ್ದಂಗೇ ಅಂಟಿಸೋದು: A ತಾರೀಖು, B ಆರ್ಡರ್ ಐಡಿ, C ಮೊತ್ತ, ಕಡಿತ ಇದ್ರೆ ಮೈನಸ್ ಸಮೇತ. E, F, G, I ಕಾಲಂನ ಸೂತ್ರ ಇವು:

```
E2: =IFS(D2="OK",675.8,D2="RETURN",-141.6,D2="RTO",0)
F2: =SUMIFS(Payouts!C:C,Payouts!B:B,B2)
G2: =ROUND(F2-E2,2)
I2: =F2-H2
```

`RTO` ಅಂದ್ರೆ ಗಿರಾಕಿಗೆ ಮುಟ್ಟದೇ ತಿರುಗಿ ಬಂದದ್ದು. ಇಲ್ಲಿ ಅದಕ್ಕೆ ಫೀ ಇಲ್ಲ. H ಕಾಲಂ ಕೈಯಿಂದ ತುಂಬ್ರಿ: ಮಾರಾಟ ಆದದ್ದಕ್ಕೆ 545, ಚಲೋ ಸ್ಥಿತಿಯಲ್ಲಿ ವಾಪಸ್ ಬಂದದ್ದಕ್ಕೆ ಡಬ್ಬಿಯ 25, ಹಾಳಾಗಿ ಬಂದದ್ದಕ್ಕೆ ಪೂರ್ತಿ 545.

ಒಂದು ಎಚ್ಚರ. ಆರ್ಡರ್ ಐಡಿ ಉದ್ದ ಇರ್ತದ. ಬರೀ ಅಂಕಿಗಳ ಐಡಿ 15 ಅಂಕಿ ದಾಟಿದ್ರೆ ಎಕ್ಸೆಲ್ ಮುಂದಿನ ಅಂಕಿಗಳನ್ನ ಸೊನ್ನೆ ಮಾಡಿಬಿಡ್ತದ. ಪಠ್ಯ ಅಂತ ಇಟ್ಟಿದ್ರೂ `SUMIFS` ಅದನ್ನ ಸಂಖ್ಯೆ ಅಂತ ಓದಿ, ಕೊನೇ ಅಂಕಿಯಷ್ಟೇ ಬೇರೆ ಇರೋ ಎರಡು ಆರ್ಡರ್‌ಗಳನ್ನ ಒಂದೇ ಅಂತ ಕೂಡಿಸ್ತದ. ಹಿಂಗಾಗಿದ್ರೆ ಗೊತ್ತಾಗೋದು ಹೆಂಗಂದ್ರೆ, F ಕಾಲಂನಲ್ಲಿ 675.80 ಇರಬೇಕಾದಲ್ಲಿ 1351.60 ಕಾಣ್ತದ. ಉಪಾಯ: ಫೈಲನ್ನ ಇಂಪೋರ್ಟ್ ಮಾಡುವಾಗ ಐಡಿ ಕಾಲಂ ಪಠ್ಯ ಅಂತ ಆರಿಸ್ರಿ, ಆಮೇಲೆ ಎರಡೂ ಹಾಳೆಯಲ್ಲಿ ಐಡಿ ಮುಂದೆ ಒಂದು ಅಕ್ಷರ ಸೇರಿಸ್ರಿ. ನಾವು `K` ಹಾಕೀವಿ.

ಫೆಬ್ರುವರಿ ಫಲಿತಾಂಶಕ್ಕೆ ಬರೋಣ. 40 ಆರ್ಡರ್. 28 ಮಾರಾಟ, 8 ವಾಪಸ್, 4 ಮುಟ್ಟದೇ ತಿರುಗಿದವು. ಬರಬೇಕಾದ್ದು 28 ಜೋಡಿಗೆ 18,922.40, ಅದರಲ್ಲಿ 8 ವಾಪಸ್‌ನ 1,132.80 ಕಳೆದು 17,789.60. ಮಾರ್ಚ್ ಕೊನೇತನಕ ಬಂದ ಎಲ್ಲಾ ಪೇಔಟ್ ಅಂಟಿಸಿದ ಮೇಲೆ F ಕಾಲಂನ ಮೊತ್ತ 16,972.20. ಅಂದ್ರೆ 817.40 ಕಡಿಮೆ. ಬ್ಯಾಂಕ್ ಪಾಸ್‌ಬುಕ್ ನೋಡಿದ್ರೆ ಇದು ಎಂದೂ ಕಾಣ್ತಿರಲಿಲ್ಲ, ಯಾಕಂದ್ರೆ ಅಲ್ಲಿ ಫೆಬ್ರುವರಿಗೆ 21,400 ಇತ್ತು, ಜನವರಿ ಆರ್ಡರ್‌ಗಳ ದುಡ್ಡೂ ಸೇರಿ.

G ಕಾಲಂನಲ್ಲಿ 39 ಸಾಲು ಸೊನ್ನೆ, ಒಂದೇ ಸಾಲಿನಲ್ಲಿ -817.40. ನನಗೆ ಇಡೀ ಶೀಟಿನಲ್ಲಿ ಇಷ್ಟ ಆಗೋದು ಇದೇ ಕಾಲಂ, ಯಾಕಂದ್ರೆ ಅಂಕಿಯೇ ಏನಾಯ್ತು ಅಂತ ಹೇಳ್ತದ. -675.80 ಇದ್ರೆ ಆ ಆರ್ಡರ್‌ನ ದುಡ್ಡು ಬಂದೇ ಇಲ್ಲ. -35.40 ಇದ್ರೆ ಸಾಗಣೆಗೆ 30 ರೂಪಾಯಿ ಮತ್ತು ಅದರ ಜಿಎಸ್‌ಟಿ ಹೆಚ್ಚು ಹಿಡಿದಾರ. ಬಹುಶಃ ದೊಡ್ಡ ಡಬ್ಬಿಯಿಂದ ತೂಕದ ಮೇಲಿನ ಸ್ಲ್ಯಾಬ್‌ಗೆ ಹೋಗ್ಯದ. ಇಲ್ಲಿ 817.40 ಅಂದ್ರೆ 675.80 ಕೂಡಿಸು 141.60. ನಾವು ಮಾರಾಟ ಅಂತ ಬರೆದದ್ದನ್ನ ಅವ್ರು ವಾಪಸ್ ಅಂತ ಹಿಡಿದಾರ. ಟ್ರ್ಯಾಕಿಂಗ್ ತೆಗೆದು ನೋಡಿದ್ರೆ ಗಿರಾಕಿ ಕೊಟ್ಟದ್ದು ಹೌದು, ಪಾರ್ಸೆಲ್ ದಾರಿಯಲ್ಲೇ ನಿಂತಿತ್ತು. ಮಾವಶಿ ಕೈಗೆ ಚಪ್ಪಲಿಯೂ ಇಲ್ಲ, ದುಡ್ಡೂ ಇಲ್ಲ.

ದೂರು ಕೊಡೋದಕ್ಕೆ ದಿನಗಳ ಗಡುವು ಇರ್ತದ, ಅದಕ್ಕೇ ಈ ಕಾಲಂ ವಾರಕ್ಕೊಮ್ಮೆ ನೋಡಬೇಕು. ನಾವು ಟ್ರ್ಯಾಕಿಂಗ್ ಸ್ಕ್ರೀನ್‌ಶಾಟ್ ಹಾಕಿ ಕೊಟ್ವಿ. ಏಪ್ರಿಲ್‌ನಲ್ಲಿ 817.40 ಅದೇ ಆರ್ಡರ್ ಐಡಿ ಮೇಲೆ ಬಂತು. `Payouts`ನಲ್ಲಿ ಅಂಟಿಸಿದ ತಕ್ಷಣ ಅದು ತಾನಾಗಿಯೇ ಫೆಬ್ರುವರಿ ಸಾಲಿಗೆ ಹೋಗಿ ಕೂತಿತು, G ಸೊನ್ನೆ ಆಯ್ತು. ತಿಂಗಳ ಲಾಭ ತೆಗೆಯೋ ಹಾಳೆಯ ಸೂತ್ರ ಇದು; A2ನಲ್ಲಿ ತಿಂಗಳ ಒಂದನೇ ತಾರೀಖು ಹಾಕ್ರಿ:

```
=SUMIFS(Orders!I:I,Orders!A:A,">="&A2,Orders!A:A,"<"&EDATE(A2,1))
```

ಹಂಗಾಗಿ ಫೆಬ್ರುವರಿ ಮುಗಿದದ್ದು ಏಪ್ರಿಲ್‌ನಲ್ಲಿ. 17,789.60ರಲ್ಲಿ 28 ಜೋಡಿಯ 14,560, ಡಬ್ಬಿ 40ಕ್ಕೆ 1,000, ಮತ್ತೆ ಹಸಿಯಾಗಿ, ಬಣ್ಣ ಬಿಟ್ಟು ವಾಪಸ್ ಬಂದ ಒಂದು ಜೋಡಿಯ 520 ಕಳೆದ್ರೆ ಉಳಿದದ್ದು 1,709.60. ಮಾವಶಿ ಎರಡು ಸಲ ಓದಿಸಿದ್ಲು. "36 ಸಾವಿರದಾಗ ಹದಿನೇಳು ನೂರು?" ಹೌದು. ಅದರೊಳಗೆ ಅವಳು ಪ್ಯಾಕ್ ಮಾಡಿದ ಹೊತ್ತಿನ ಕೂಲಿ ಇಲ್ಲ.

C ಕಾಲಂ ಇಲ್ಲಿ ಕೆಲಸಕ್ಕೆ ಬಂತು. 8 ವಾಪಸ್‌ನಲ್ಲಿ 5 ಏಳನೇ ನಂಬರ್. ಆರ್ಡರ್ ನೋಡಿದ್ರೆ 40ರಲ್ಲಿ ಏಳನೇ ನಂಬರ್ 11 ಮಾತ್ರ. ಮಾವಶಿ ಎರಡೂ ಮನೆಯ ಏಳನೇ ನಂಬರ್ ಪಕ್ಕಪಕ್ಕ ಇಟ್ಟು ಅಳತೆಪಟ್ಟಿ ಹಿಡಿದ್ಲು. ಅರ್ಧ ಸೆಂಟಿಮೀಟರ್ ವ್ಯತ್ಯಾಸ! ಕೈಯಲ್ಲಿ ಕತ್ತರಿಸೋ ತೊಗಲು, ಇಬ್ಬರ ಅಳತೆ ಬೇರೆ ಬೇರೆ. ಆ್ಯಪ್‌ನಲ್ಲಿ ಮಾತ್ರ ಎರಡಕ್ಕೂ ಒಂದೇ '7'. ಈಗ ಶೀಟಿಗೆ ಯಾವ ಮನೆಯದು ಅನ್ನೋ ಕಾಲಂ ಸೇರಿಸೀವಿ, ಫೋಟೋದಲ್ಲಿ ಅಳತೆಪಟ್ಟಿ ಇಟ್ಟು ಅಟ್ಟೆಯ ಉದ್ದ ಸೆಂಟಿಮೀಟರ್‌ನಲ್ಲಿ ತೋರಿಸೀವಿ.

ಸಂಘದ ಸಾಲಕ್ಕೆ ಮಾವಶಿ ಅರ್ಜಿ ಹಾಕಲಿಲ್ಲ. ನೂರರ ಬದಲು ಮೂವತ್ತು ಜೋಡಿ ಹೇಳ್ಯಾಳೆ, ಏಳನೇ ನಂಬರ್ ಎಲ್ಲಾ ಅಥಣಿಯ ಒಂದೇ ಮನೆಯಿಂದ. ಮಾರ್ಚ್ ಸಾಲುಗಳು ಇನ್ನೂ ತೆರೆದೇ ಅದಾವ. G ಕಾಲಂನಲ್ಲಿ ಒಂದು -35.40 ಕಾಣಾಕತ್ತದ. ಅದರ ತೂಕದ ಜಗಳ ಭಾಗ 5ರಲ್ಲಿ.