ತಿಂಗಳಿಗೆ ಎರಡು ಲೀಟರ್

ಹಲಗೂರಿನಿಂದ ಮುತ್ತತ್ತಿಗೆ ಭಕ್ತರನ್ನು ಕರೆದೊಯ್ಯುವ ನಮ್ಮ ಸೋದರಮಾವನ ಕಾರಿಗೆ ತಿಂಗಳಿಗೆ ಸುಮಾರು 100 ಲೀಟರ್ ಡೀಸೆಲ್ ಬೇಕು. ಈಚೆಗೆ ಎರಡು ಲೀಟರ್ ಹೆಚ್ಚು ಕುಡಿಯುತ್ತಿದೆಯೆಂಬುದು ಅವನ ನೋಟ್‌ಬುಕ್ಕಿನ ಲೆಕ್ಕ. "ಬಂಕ್‌ನೋನು ಅಳತೇಲಿ ಮೋಸ ಮಾಡ್ತಾವ್ನೆ ಕಣ್ಲಾ" ಎಂದ. ನನ್ನ ಅನುಮಾನ ಟೈರುಗಳ ಮೇಲಿತ್ತು.

ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ, ಮೇಲೆದ್ದೊಡನೆ ಮತ್ತೆ ದುಂಡಗಾಗುತ್ತದೆ. ಬಗ್ಗಿಸಲು ಖರ್ಚಾದ ಶಕ್ತಿಯನ್ನು ರಬ್ಬರ್ ಪೂರ್ತಿ ಹಿಂದಿರುಗಿಸುವುದಿಲ್ಲ. ಒಂದಿಷ್ಟು ಶಾಖವಾಗಿ ಕಳೆದುಹೋಗುತ್ತದೆ. ಗಾಳಿ ಕಡಿಮೆಯಿದ್ದಷ್ಟೂ ಟೈರು ಹೆಚ್ಚು ಬಗ್ಗುತ್ತದೆ, ಆ ನಷ್ಟವನ್ನು ಎಂಜಿನ್ ಡೀಸೆಲ್ ಸುಟ್ಟು ತುಂಬಬೇಕು.

ಮಾವ ಗಾಳಿ ಹಾಕಿಸದವನೇನಲ್ಲ. ಆದರೆ ಹಾಕಿಸುತ್ತಿದ್ದದ್ದು ಕಾಡಿನ ರಸ್ತೆ ಮುಗಿಸಿ ಬಂದ ಮೇಲೆ. ಓಡಿ ಕಾದ ಟೈರಿನಲ್ಲಿ ಒತ್ತಡ ಮೂರು ನಾಲ್ಕು ಪಿಎಸ್‌ಐ ಹೆಚ್ಚೇ ತೋರಿಸುತ್ತದೆ. ಗೇಜಿನಲ್ಲಿ 30 ಕಂಡರೆ ಸಾಕೆಂದು ಬಿಡುತ್ತಿದ್ದರು. ಮೇಲಾಗಿ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿಯೇ ಇಳಿಯುತ್ತದೆ. ರೇಡಿಯಲ್ ಟೈರಿನ ಪಕ್ಕ ಸಹಜವಾಗಿಯೇ ಉಬ್ಬಿರುವುದರಿಂದ ಕಣ್ಣಿಗೂ ಗೊತ್ತಾಗದು.

ಬೆಳಿಗ್ಗೆ ಕಾರು ಹೊರಡುವ ಮುನ್ನ ನೋಡಿದೆವು: ನಾಲ್ಕರ ಸರಾಸರಿ 24. ಬಾಗಿಲ ಪಕ್ಕದ ಚೀಟಿ ಹೇಳುವುದು 33. ಒಂದು ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ. 0.2 ಇಳಿಯುತ್ತದೆ ಎಂಬ ಸಾಮಾನ್ಯ ಲೆಕ್ಕದಲ್ಲಿ ಒಂಬತ್ತಕ್ಕೆ ಶೇ. 1.8, ಅಂದರೆ 100 ಲೀಟರಿಗೆ ಎರಡಕ್ಕೆ ಚೂರು ಕಡಿಮೆ. ಎಸಿ ಹಾಕಿದ ದಿನವೂ ಇಷ್ಟು ವ್ಯತ್ಯಾಸ ಬರಬಹುದು, ಬಂಕಿನವನ ಮೇಲಿನ ಅನುಮಾನ ಮಾವನಿಗಿನ್ನೂ ಪೂರ್ತಿ ಹೋಗಿಲ್ಲ.

ಡೀಸೆಲ್ಲಿಗಿಂತ ದೊಡ್ಡ ಖರ್ಚನ್ನು ಅವನೇ ಬೆರಳಾಡಿಸಿ ಕಂಡುಕೊಂಡ. ಮುಂದಿನ ಎರಡೂ ಟೈರುಗಳ ಅಂಚು ನುಣ್ಣಗೆ ಸವೆದಿತ್ತು. ನಡುವಿನ ಗೆರೆಗಳು ಇನ್ನೂ ಆಳವಾಗಿದ್ದವು.