ಡಬ್ಬದ ಮೇಲೊಂದು ನಂಬರ್, ಶೂ ಒಳಗೊಂದು

ನಿಮ್ಮ ಮನೆಯಲ್ಲೂ ಹದಿಮೂರು ವರ್ಷದವರೊಬ್ಬರಿದ್ದರೆ, ಪಾಂಡಾ ಅಂದರೆ ಕರಡಿಯಲ್ಲ ಅಂತ ನಿಮಗೆ ಗೊತ್ತಿರುತ್ತದೆ. ಅದು ನೈಕಿ ಡಂಕ್ ಲೋ ಎಂಬ ಕಪ್ಪು-ಬಿಳಿ ಶೂ. ಕಳೆದ ತಿಂಗಳು ನನ್ನ ಮಗ ಫೋನ್ ಹಿಡಿದು ಅಡುಗೆಮನೆಗೆ ಓಡಿ ಬಂದ. "ಅಮ್ಮಾ, ಅರವತ್ತು ಪೌಂಡ್‌ಗೆ ಸಿಗ್ತಿದೆ, ಈಗಲೇ ದುಡ್ಡು ಕಳಿಸ್ಬೇಕಂತೆ!" ಆ ಅರವತ್ತು ಪೌಂಡ್, ಅವನ ಅಜ್ಜಿ ಮೈಸೂರಿಗೆ ವಾಪಸ್ ಹೋಗುವಾಗ ಅವನ ಕೈಗಿಟ್ಟು ಹೋದ ದುಡ್ಡು. ನಾನು ಒಗ್ಗರಣೆ ಆರಿಸಿ ಕೂತೆ.

ಹಳೇ ಸಾಮಾನು ಮಾರುವ ಆ್ಯಪ್‌ನಲ್ಲಿ ಹಾಕಿದ್ದ ಶೂ ಅದು. ತಲೆಬರಹದಲ್ಲಿ "ಪುರುಷರ ಡಂಕ್ ಲೋ, ಯುಕೆ 5.5" ಎಂದಿತ್ತು. ನಾಲ್ಕು ಫೋಟೋ: ಶೂ ಮೇಲಿಂದ, ಅಡಿ, ಡಬ್ಬದ ಪಕ್ಕದ ಬಿಳಿ ಲೇಬಲ್, ಮತ್ತು ಲೇಸಿನ ಕೆಳಗಿನ ನಾಲಿಗೆಯ ಒಳಗೆ ಹೊಲಿದಿರುವ ಸಣ್ಣ ಸೈಜ್ ಟ್ಯಾಗ್. ನೀವು ನೋಡಬೇಕಾದ್ದು ಕೊನೆಯ ಎರಡನ್ನು. ಬೆರಳಿನಿಂದ ಹಿಗ್ಗಿಸಿ, ಎರಡರಲ್ಲೂ ಸ್ಟೈಲ್ ಕೋಡ್ ಹುಡುಕಿ. ನೈಕಿಯಲ್ಲಿ ಅದು ಆರು ಅಕ್ಷರ-ಅಂಕಿ, ಆಮೇಲೆ ಮೂರು ಅಂಕಿ. ಮೊದಲ ಭಾಗ ಯಾವ ಮಾದರಿ ಎಂದು ಹೇಳುತ್ತದೆ, ಕೊನೆಯ ಮೂರು ಯಾವ ಬಣ್ಣ ಎಂದು. ಡಬ್ಬದಲ್ಲಿ ನಡುವೆ ಅಡ್ಡಗೆರೆ ಇದ್ದು ಟ್ಯಾಗಿನಲ್ಲಿ ಬರೀ ಜಾಗ ಬಿಟ್ಟಿದ್ದರೆ ಗಾಬರಿ ಬೇಡ, ಅದು ಮಾಮೂಲು.

ನಾನು ಡಬ್ಬದ್ದನ್ನು ಓದಿಸಿದೆ: `DD1391-100`, ಯುಕೆ 8. ಟ್ಯಾಗಿನದು: `CW1590 100`, `6Y`, ಯುಕೆ 5.5. ಮಗ ಎರಡು ಸಲ ಓದಿ, "ಒಂದೇ ಅಲ್ವಲ್ಲಮ್ಮ" ಅಂದ. ಬಣ್ಣದ ಅಂಕಿ 100 ಎರಡರಲ್ಲೂ ಒಂದೇ ಇದ್ದದ್ದರಿಂದ ಮೊದಲು ಅವನ ಕಣ್ಣು ಮೋಸಹೋಗಿತ್ತು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಪಾಂಡಾಕ್ಕೆ ಒಂದೇ ಕೋಡ್ ಇಲ್ಲ. `DD1391-100` ದೊಡ್ಡವರ ಮಾದರಿ, `DD1503-101` ಹೆಂಗಸರದು, `CW1590-100` ಶಾಲಾ ಮಕ್ಕಳದು. ಸೈಜಿನ ಪಕ್ಕದ `Y` ಸಹ ಮಕ್ಕಳದೇ ಗುರುತು. ಅಂದರೆ ಟ್ಯಾಗ್ ನಂಬುವುದಾದರೆ ಅದು ಮಕ್ಕಳ ಶೂ, ಮಾರುತ್ತಿರುವುದು ದೊಡ್ಡವರದು ಎಂದು. ಮಗನ ಕಾಲಿಗೆ ಅದೇ ಆಗುತ್ತದೆ, ನಿಜ. ಆದರೆ ಮಕ್ಕಳ ಮಾದರಿ ಹೊಸದರಲ್ಲೇ ಅಗ್ಗ, ಬೆಲೆ ಮಾತ್ರ ದೊಡ್ಡವರದ್ದು ಕೇಳುತ್ತಿದ್ದರು.

ಹೊಂದದಿದ್ದ ತಕ್ಷಣ ನಕಲಿ ಅಂತ ತೀರ್ಮಾನಿಸಬೇಡಿ. ಅಣ್ಣನ ಡಬ್ಬದಲ್ಲಿ ತಮ್ಮನ ಶೂ ಇಡುವುದು ನಮ್ಮ ಮನೆಯಲ್ಲೇ ನಡೆಯುತ್ತದೆ. ಹಪ್ಪಳದ ಡಬ್ಬದಲ್ಲಿ ಸೂಜಿದಾರ ಇಡುವ ಜನ ನಾವು. ಹಾಗೇ ಮಸುಕಾದ ಫೋಟೋದಲ್ಲಿ 8 ಮತ್ತು B, 0 ಮತ್ತು D ಒಂದೇ ಥರ ಕಾಣುತ್ತವೆ. ಅದಕ್ಕೇ ಮಗನ ಕೈಯಲ್ಲೇ ಬರೆಸಿದೆ: ಎರಡೂ ಕಾಲಿನ ಟ್ಯಾಗ್, ಡಬ್ಬದ ಲೇಬಲ್, ಜೊತೆಗೆ ಇವತ್ತಿನ ತಾರೀಖು ಬರೆದ ಚೀಟಿ, ಎಲ್ಲಾ ಒಂದೇ ಫೋಟೋದಲ್ಲಿ ಕಳಿಸಿ. ಎರಡೂ ಕಾಲು ಯಾಕೆ ಅಂದರೆ, ಎಡ-ಬಲ ಬೇರೆ ಬೇರೆ ಸೈಜಿನ ಜೋಡಿಯೂ ಮಾರಾಟಕ್ಕೆ ಬರುತ್ತದೆ.

ಉತ್ತರ ಬಂತು. "ಡಬ್ಬ ಅಣ್ಣನದು. ಫೋಟೋ ಆಮೇಲೆ. ಬೇರೆಯವರೂ ಕೇಳ್ತಿದ್ದಾರೆ, ಆ್ಯಪ್ ಬೇಡ, ನೇರ ಬ್ಯಾಂಕಿಗೆ ಹಾಕಿ." ಅಣ್ಣನ ಡಬ್ಬ ಎಂಬುದು ನಂಬುವ ಮಾತೇ. ಆದರೆ ಒಂದು ಫೋಟೋ ತೆಗೆಯಲು ಅರ್ಧ ನಿಮಿಷ ಸಾಕು. ಆ್ಯಪ್ ಬಿಟ್ಟು ಹೊರಗೆ ದುಡ್ಡು ಕಳಿಸಿದರೆ ಅದರ ಖರೀದಿ ರಕ್ಷಣೆಯೂ ಹೋಗುತ್ತದೆ.

ನಾನು ಅಷ್ಟಕ್ಕೇ ಬಿಟ್ಟಿದ್ದೆ. ಮಗ ಬಿಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಇನ್ನೊಬ್ಬರ ಜಾಹೀರಾತು ತೋರಿಸಿದ. ಅದೇ `DD1391-100`, ಅದೇ ಯುಕೆ 8, ಲೇಬಲಿನ ಮೂಲೆಯಲ್ಲಿ ಅದೇ ಕಿತ್ತ ಗುರುತು, ಹಿಂದೆ ಅದೇ ಹಸಿರು ಕಾರ್ಪೆಟ್. ಅಲ್ಲಿ ಮಾರುತ್ತಿದ್ದದ್ದು ನಿಜಕ್ಕೂ ಯುಕೆ 8, ಜಾಹೀರಾತು ವಾರಗಳಷ್ಟು ಹಳೆಯದು. ನಮ್ಮವರು ಆ ಫೋಟೋವನ್ನೇ ಎತ್ತಿಕೊಂಡಿದ್ದರು. "ಡಬ್ಬ ಅವರದ್ದೇ ಅಲ್ಲ ಅಮ್ಮ," ಅಂದ, ಅರ್ಧ ಸಿಟ್ಟು, ಅರ್ಧ ಹೆಮ್ಮೆ.

ಒಂದು ಎಚ್ಚರಿಕೆ ಮಾತ್ರ. ಕೋಡುಗಳು ಹೊಂದಿದವು ಅಂತ ಶೂ ಅಸಲಿ ಆಗುವುದಿಲ್ಲ. ನಕಲಿ ಮಾಡುವವರು ಲೇಬಲ್, ಟ್ಯಾಗ್ ಎರಡಕ್ಕೂ ಸರಿಯಾದ ಕೋಡನ್ನೇ ಅಚ್ಚು ಹಾಕುತ್ತಾರೆ. ಈ ಪರೀಕ್ಷೆ ಹಿಡಿಯುವುದು ಬೇರೆ ಡಬ್ಬ, ಬೇರೆ ಮಾದರಿ, ಕದ್ದ ಫೋಟೋಗಳನ್ನು. ಹೊಲಿಗೆ, ಚರ್ಮ ನೋಡಲು ಶೂ ಕೈಗೇ ಬರಬೇಕು.

ಆ ಜಾಹೀರಾತನ್ನು ಆ್ಯಪ್‌ಗೆ ದೂರು ಕೊಟ್ಟೆವು. ಅಜ್ಜಿಯ ದುಡ್ಡು ಇನ್ನೂ ಡ್ರಾಯರ್‌ನಲ್ಲಿದೆ. ಮಗ ದಿನಾ ಬೇರೆ ಬೇರೆ ಪಾಂಡಾ ತೋರಿಸುತ್ತಾನೆ, ಆದರೆ ಈಗ ಮೊದಲು ನಾಲಿಗೆಯ ಫೋಟೋ ತೆರೆದು, ಕೋಡನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಾನೆ: "ಸಿ, ಡಬ್ಲ್ಯು, ಒಂದು, ಐದು, ಒಂಬತ್ತು, ಸೊನ್ನೆ..." ತೊಂಬತ್ತು ಅಂದಾಗ ಮಾತ್ರ ಇನ್ನೂ ತಡವರಿಸುತ್ತಾನೆ.