ನೋಡುವವರು ಬಂದಾಗ ಹೊರಬರುವ ಸೋಪು

ಹನೂರಿನ ಸುತ್ತಲಿನ ಯಾವ ಹಳ್ಳಿಯೇ ಆಗಲಿ, ಆರೋಗ್ಯ ಸಹಾಯಕಿಯೊಬ್ಬರು ರಿಜಿಸ್ಟರ್ ಹಿಡಿದು ಜಗಲಿ ಹತ್ತಿದರೆಂದರೆ ಮನೆಯೊಳಗೆ ಒಂದು ಸಣ್ಣ ಸಂಚಲನ ಶುರುವಾಗುತ್ತದೆ. "ಬನ್ನಿ ಅಕ್ಕಾ, ಕುಂತ್ಕಳಿ" ಎನ್ನುತ್ತಲೇ ಮನೆಯಾಕೆ ಚಾಪೆ ಹಾಸುತ್ತಾಳೆ. ಕೂಸಿನ ಮೂಗು ಒರೆಸುತ್ತಾಳೆ. ಅಲಮಾರಿನಲ್ಲಿ ಕಾಗದ ಸುತ್ತಿಕೊಂಡು ಕೂತಿದ್ದ ಸೋಪು ಮೆಲ್ಲಗೆ ಬಚ್ಚಲಿಗೆ ಬರುತ್ತದೆ. ಊಟಕ್ಕೆ ಮುಂಚೆ, ಕೂಸಿನ ಕುಂಡಿ ತೊಳೆಸಿದ ಮೇಲೆ, ಹಿತ್ತಲಿನಿಂದ ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಯುತ್ತೀರಾ ಎಂದು ಕೇಳಿದರೆ, "ಅಯ್ಯೋ, ತೊಳೀದೆ ಇರ್ತೀವಾ ಅಕ್ಕಾ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಹಾಯಕಿ 'ಹೌದು' ಎಂಬ ಕಾಲಮಿನಲ್ಲಿ ಗುರುತು ಹಾಕುತ್ತಾರೆ. ಇತ್ತ ವಾಂತಿಭೇದಿಯಾದ ಕೂಸುಗಳು ಮಾತ್ರ ಮಳೆಗಾಲ ಬಂತೆಂದರೆ ಆಸ್ಪತ್ರೆಗೆ ಬರುತ್ತಲೇ ಇರುತ್ತವೆ.

ಇಲ್ಲಿ ಯಾರೂ ಮೋಸ ಮಾಡಲಿಲ್ಲ. ಆದರೂ ಲೆಕ್ಕ ಸುಳ್ಳಾಯಿತು. ಸುಳ್ಳು ಒಂದೇ ದಾರಿಯಲ್ಲಿ ಬರಲಿಲ್ಲ, ಮೂರು ದಾರಿಗಳಲ್ಲಿ ಬಂತು. ಮೂರಕ್ಕೂ ಬೇರೆ ಬೇರೆ ಮದ್ದು ಬೇಕು ಎಂಬುದೇ ಇಲ್ಲಿನ ಮುಖ್ಯ ವಿಷಯ.

ಮೊದಲನೆಯದು, ನೋಡುತ್ತಿದ್ದಾರೆ ಎಂಬ ಅರಿವಿನಿಂದಲೇ ಮನುಷ್ಯ ಬದಲಾಗುವುದು. ಇದಕ್ಕೆ ಹಾಥಾರ್ನ್ ಪರಿಣಾಮ ಎಂದು ಹೆಸರು. ಷಿಕಾಗೋ ಪಕ್ಕದ ಹಾಥಾರ್ನ್ ಎಂಬ ಟೆಲಿಫೋನ್ ಸಾಮಾನಿನ ಕಾರ್ಖಾನೆಯಲ್ಲಿ 1924ರಿಂದ ಕೆಲ ವರ್ಷ ನಡೆದ ಪ್ರಯೋಗಗಳಿಂದ ಬಂದ ಹೆಸರಿದು. ದೀಪದ ಬೆಳಕು ಹೆಚ್ಚಿಸಿದರೂ ಕಡಿಮೆ ಮಾಡಿದರೂ ಕೆಲಸಗಾರರ ಉತ್ಪಾದನೆ ಏರಿತು ಎಂಬ ಕಥೆ ಎಲ್ಲ ಪಠ್ಯಪುಸ್ತಕಗಳಿಗೂ ಹಬ್ಬಿತು. ತಮಾಷೆಯೆಂದರೆ, ಹಳೆಯ ಅಂಕಿಅಂಶಗಳನ್ನು ಹುಡುಕಿ ತೆಗೆದು ಮರುಪರೀಕ್ಷೆ ಮಾಡಿದ ಅರ್ಥಶಾಸ್ತ್ರಜ್ಞರಾದ ಲೆವಿಟ್ ಮತ್ತು ಲಿಸ್ಟ್, ಕಥೆಯಷ್ಟು ಬಲವಾದ ಪುರಾವೆ ಅಲ್ಲಿಲ್ಲ ಎಂದು 2011ರಲ್ಲಿ ಬರೆದರು.

ಹೆಸರಿನ ಬುಡ ಅಲುಗಿದರೂ ಸಂಗತಿ ಸುಳ್ಳಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಪವನಿ ರಾಮ್ ಮತ್ತು ಸಂಗಡಿಗರು ಸೋಪಿನ ಬಿಲ್ಲೆಯೊಳಗೇ ಅಲುಗಾಟ ಎಣಿಸುವ ಪುಟ್ಟ ಯಂತ್ರ ಹುದುಗಿಸಿಟ್ಟು ಮನೆಗಳಿಗೆ ಕೊಟ್ಟರು. ಯಾರೂ ಬಾರದ ದಿನಗಳಲ್ಲಿ, ಐದು ಗಂಟೆಗಳ ಅವಧಿಯಲ್ಲಿ ಸೋಪು ಸರಾಸರಿ 3.7 ಸಲ ಅಲುಗಿತು. ವೀಕ್ಷಕಿ ಬಂದು ಕೂತ ದಿನ ಅಷ್ಟೇ ಹೊತ್ತಿನಲ್ಲಿ 5 ಸಲ. ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ಏರಿಕೆ! ಸೋಪಿಗೆ ಮರ್ಯಾದೆ ತೋರಿಸುವ ಹಂಗಿಲ್ಲ, ಅದಕ್ಕೇ ನಿಜ ಹೇಳಿತು.

ಎರಡನೆಯದು ಇನ್ನೂ ಸೂಕ್ಷ್ಮ. ಮನೆಯಾಕೆಗೆ ಯಾರೋ ನೋಡುತ್ತಿದ್ದಾರೆ ಎಂಬುದಷ್ಟೇ ಅಲ್ಲ, ಏನನ್ನು ನೋಡಲು ಬಂದಿದ್ದಾರೆ ಎಂಬುದೂ ಗೊತ್ತಿದೆ. ಬಂದವರ ಮನಸ್ಸಿಗೆ ಬೇಕಾದ್ದನ್ನು ಆಕೆ ಮಾಡಿ ತೋರಿಸುತ್ತಾಳೆ. ಮನಶ್ಶಾಸ್ತ್ರಜ್ಞ ಮಾರ್ಟಿನ್ ಆರ್ನ್ 1962ರಲ್ಲಿ ಇಂಥ ಸುಳಿವುಗಳಿಗೆ 'ಡಿಮ್ಯಾಂಡ್ ಕ್ಯಾರೆಕ್ಟರಿಸ್ಟಿಕ್ಸ್' ಎಂದು ಹೆಸರಿಟ್ಟ. ಹಾಳೆ ತುಂಬ ಕೂಡುವ ಲೆಕ್ಕ ಮಾಡಿ, ಮುಗಿದೊಡನೆ ಹಾಳೆಯನ್ನು 32 ಚೂರಾಗಿ ಹರಿದುಹಾಕಿ ಎಂದರೂ ಅವನ ಪ್ರಯೋಗಕ್ಕೆ ಬಂದವರು ಗೊಣಗದೆ ಗಂಟೆಗಟ್ಟಲೆ ಮಾಡಿದರು. ಅಷ್ಟು ವಿಧೇಯರು ನಾವು. ಬಾಗಿಲಿಗೆ ಬಂದ ಅಕ್ಕನ ಮುಂದೆ ಒಂದು ಸಲ ಸೋಪು ಹಚ್ಚಲು ಯಾರು ತಾನೆ ಹಿಂಜರಿದಾರು?

ಮೂರನೆಯದು ಎಣಿಸುವವರ ಕಣ್ಣಿನದು. ಆರು ತಿಂಗಳು ಬಿಸಿಲಲ್ಲಿ ಓಡಾಡಿ ಕೈ ತೊಳೆಯುವುದನ್ನು ಕಲಿಸಿದ ಸಹಾಯಕಿಯೇ ಎಣಿಸಲು ಕೂತರೆ ಏನಾಗುತ್ತದೆ? ಮನೆಯಾಕೆ ಬಚ್ಚಲ ಕಡೆ ಹೋದಳು, ನೀರಿನ ಸದ್ದು ಕೇಳಿಸಿತು, ಸೋಪು ಮುಟ್ಟಿದ್ದು ಕಾಣಲಿಲ್ಲ. ಕಲಿಸಿದ ಮನಸ್ಸು ಅದನ್ನು 'ಸೋಪು' ಎಂದೇ ಬರೆಯುತ್ತದೆ. ರಾಬರ್ಟ್ ರೋಸೆಂಥಾಲ್ 1963ರಲ್ಲಿ ಸಾಧಾರಣ ಇಲಿಗಳನ್ನೇ ವಿದ್ಯಾರ್ಥಿಗಳ ಕೈಗಿತ್ತು, ಕೆಲವರಿಗೆ ಇವು ಜಾಣ ಇಲಿ, ಉಳಿದವರಿಗೆ ಇವು ದಡ್ಡ ಇಲಿ ಎಂದು ಹೇಳಿದ್ದ. 'ಜಾಣ' ಇಲಿಗಳೇ ಚೆನ್ನಾಗಿ ಕಲಿತವೆಂದು ಫಲಿತಾಂಶ ಬಂತು! ಇಲಿಯ ಪಾಡೇ ಹೀಗಾದರೆ ಮನುಷ್ಯರ ಪಾಡೇನು?

ಮದ್ದನ್ನು ನೋಡಲು ಹನೂರಿನಿಂದ ಬಹಳ ದೂರ ಹೋಗಬೇಕಾಗಿಲ್ಲ. ಕೋಲಾರದ ಗಡಿ ದಾಟಿದರೆ ಆಂಧ್ರದ ಚಿತ್ತೂರು ಜಿಲ್ಲೆ. ಅಲ್ಲಿನ 14 ಹಳ್ಳಿಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಲಂಡನ್ನಿನ ಸಂಶೋಧಕರು ಸೇರಿ 'ಸೂಪರ್ ಅಮ್ಮ' ಎಂಬ ಕೈತೊಳೆಯುವ ಪ್ರಚಾರವನ್ನು ಪರೀಕ್ಷಿಸಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಯಾವ ಹಳ್ಳಿಗೆ ಪ್ರಚಾರ, ಯಾವುದಕ್ಕಿಲ್ಲ ಎಂಬುದನ್ನು ಅವರು ಅದೃಷ್ಟಕ್ಕೆ ಬಿಟ್ಟರು. ಏಳು ಹಳ್ಳಿಗೆ ಪ್ರಚಾರ ಹೋಯಿತು, ಏಳು ಹಳ್ಳಿ ಹಾಗೇ ಉಳಿಯಿತು. ಎರಡೂ ಕಡೆ ಒಂದೇ ರೀತಿ ಮನೆಯಲ್ಲಿ ಕೂತು ನೋಡಿದರು. ನೋಟದಿಂದ ಆಗುವ ಬದಲಾವಣೆ ಎರಡೂ ಕಡೆ ಸಮನಾಗಿದ್ದರೆ, ಕಳೆದಾಗ ಅದು ಹೊರಟುಹೋಗುತ್ತದೆ. ಮೊದಲಿಗೆ ಸೋಪಿನಿಂದ ಕೈ ತೊಳೆದದ್ದು ಎರಡೂ ಕಡೆ ನೂರಕ್ಕೆ ಒಂದೆರಡು ಸಲ ಮಾತ್ರ. ಆರು ತಿಂಗಳ ಮೇಲೆ ಪ್ರಚಾರವಾದ ಹಳ್ಳಿಗಳಲ್ಲಿ ಶೇ. 37, ಉಳಿದವುಗಳಲ್ಲಿ ಶೇ. 6.

ಆದರೆ ಇಲ್ಲೊಂದು ತೊಡಕಿದೆ. ಪ್ರಚಾರ ನಡೆದ ಊರಿನವರಿಗೆ ಮಾತ್ರ, ಬಂದವರಿಗೆ ಬೇಕಾದ್ದು ಸೋಪು ಎಂದು ಗೊತ್ತಾಗಿರುತ್ತದೆ. ಆಗ ನೋಟದ ಪರಿಣಾಮ ಎರಡೂ ಕಡೆ ಸಮನಾಗಿರುವುದಿಲ್ಲ, ಕಳೆದರೂ ಹೋಗುವುದಿಲ್ಲ. ಹೋಲಿಕೆಯ ಹಳ್ಳಿ ಹಾಥಾರ್ನ್ ಪರಿಣಾಮವನ್ನು ತಡೆದೀತು, ಸುಳಿವನ್ನು ತಡೆಯಲಾರದು. ಅದಕ್ಕೇ ಚಿತ್ತೂರಿನಲ್ಲಿ ಅಧ್ಯಯನದ ಉದ್ದೇಶವನ್ನು ಮನೆಯವರಿಗೆ ಹೇಳಿರಲಿಲ್ಲ. ಎಣಿಸಿದವರು ಪ್ರಚಾರದಲ್ಲಿ ಯಾವ ಪಾತ್ರವೂ ಇಲ್ಲದವರು. ಯಾವ ಹಳ್ಳಿ ಯಾವ ಗುಂಪು ಎಂಬುದನ್ನು ಅವರಿಂದ ಸಾಧ್ಯವಾದಷ್ಟು ಮುಚ್ಚಿಡಲಾಗಿತ್ತು. 'ಸಾಧ್ಯವಾದಷ್ಟು' ಎಂಬ ಮಾತನ್ನು ಗಮನಿಸಿ. ಒಂದು ಭಿತ್ತಿಪತ್ರ ಗೋಡೆಯ ಮೇಲೆ ಉಳಿದಿದ್ದರೂ ಸಾಕು, ಗುಟ್ಟು ಬಯಲು.

ಇದನ್ನೇ ಹನೂರಿನ ಆರು ಹಳ್ಳಿಗಳಿಗೆ ಅಳವಡಿಸಬೇಕೆಂದರೆ ಹೇಗೆ? ಚೀಟಿ ಎತ್ತಿ ಮೂರಕ್ಕೆ ಪ್ರಚಾರ ಕೊಡಬೇಕು. ಎಣಿಸಲು ಬೇರೆ ಊರಿನವರು ಬರಬೇಕು. "ಮನೆಗೆಲಸದ ದಿನಚರಿ ನೋಡ್ಕೊಂಡು ಹೋಗೋಕೆ ಬಂದಿದ್ದೀವಿ" ಎನ್ನಬೇಕು. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ, ಆದ್ದರಿಂದ ಎಲ್ಲ ಮುಗಿದ ಮೇಲೆ ನಿಜ ಹೇಳಲೇಬೇಕು. ಮೊದಲ ದಿನದ ಎಣಿಕೆಯನ್ನು ಬದಿಗಿಟ್ಟು, ಮನೆಯವರಿಗೆ ರೂಢಿಯಾದ ಮೇಲಿನದನ್ನೇ ಹಿಡಿಯುವುದು ಮೇಲು. 'ಸೋಪು', 'ಬರಿ ನೀರು', 'ತೊಳೆಯಲಿಲ್ಲ', 'ಕಾಣಲಿಲ್ಲ' ಎಂಬ ನಾಲ್ಕು ಕಾಲಮುಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಕೆಲವು ಮನೆಗಳಲ್ಲಿ ಇಬ್ಬರು ಕೂತು, ಒಬ್ಬರದನ್ನು ಇನ್ನೊಬ್ಬರು ನೋಡದೆ ಗುರುತು ಹಾಕಬೇಕು. ಇಬ್ಬರ ಹಾಳೆಗಳು ಹೊಂದದಿದ್ದರೆ ಕಣ್ಣು ಬಯಕೆಯ ಮಾತು ಕೇಳುತ್ತಿದೆ ಎಂದರ್ಥ.

ಕೊನೆಗೊಂದು ತಾಳೆ. ಸೋಪಿನೊಳಗೆ ಯಂತ್ರ ಇಡಲು ನಮ್ಮಲ್ಲಿ ಹಣವಿಲ್ಲದಿರಬಹುದು. ಎರಡೂ ಗುಂಪಿನ ಮನೆಗಳಿಗೆ ಒಂದೇ ಬಗೆಯ ಸೋಪು ಕೊಟ್ಟು, ತಿಂಗಳ ಮೇಲೆ ಉಳಿದ ಚೂರನ್ನು ತೂಗಲು ತಕ್ಕಡಿ ಸಾಕು. ಸೋಪು ಕೊಟ್ಟದ್ದೇ ಒಂದು ಸುಳಿವಾದೀತು, ಅದು ಸ್ನಾನಕ್ಕೂ ಬಟ್ಟೆಗೂ ಸವೆದೀತು ನಿಜ. ಆದರೆ ವೀಕ್ಷಕಿಯ ಹಾಳೆಯಲ್ಲಿ ಕೈತೊಳೆತ ಆರು ಪಟ್ಟು ಏರಿ, ತಕ್ಕಡಿಯಲ್ಲಿ ಸೋಪು ಎರಡೂ ಕಡೆ ಒಂದೇ ಸಮ ಸವೆದಿದ್ದರೆ, ನಂಬಬೇಕಾದ್ದು ತಕ್ಕಡಿಯನ್ನು.